ಸ್ಟಾರ್ಟಪ್ ಷೇರು ಮಾರಲು ಹೊರಟ ನಮ್ಮ ಕಡೆಯ ಮಕ್ಕಳಿಗೆ

ಕೊಳಗಲ್ಲು, ಕುರುಗೋಡು, ಸಿರುಗುಪ್ಪ, ಬಳ್ಳಾರಿ ಕಡೆಯಿಂದ ಬೆಂಗಳೂರಿಗೆ ಹೋಗಿ ಸ್ಟಾರ್ಟಪ್ ಕಂಪನಿಗಳಲ್ಲಿ ದುಡಿಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ನಾನು ಬಳ್ಳಾರಿಯಲ್ಲಿ ಕೂತು ತೆರಿಗೆ ಲೆಕ್ಕ ಬರೆಯುವವನು. ಹತ್ತಿ, ಮೆಣಸಿನಕಾಯಿ ವ್ಯಾಪಾರದವರು, ಅಕ್ಕಿ ಗಿರಣಿಯವರು, ಜೀನ್ಸ್ ಹೊಲಿಸುವವರು, ಇವರ ಕಡತಗಳೇ ನನ್ನ ಮೇಜಿನ ತುಂಬ ಇರುತ್ತಿದ್ದವು. ಈಗೀಗ ಅವುಗಳ ನಡುವೆ ನಿಮ್ಮ ಕಾಗದಗಳೂ ಬರುತ್ತಿವೆ. ಕಂಪನಿ ಕೊಟ್ಟ ಇಸಾಪ್ ಷೇರುಗಳನ್ನು ಹೊಸ ಹೂಡಿಕೆದಾರರಿಗೆ ಮಾರಿ, ಹಣ ಖಾತೆಗೆ ಬಂದ ಮೇಲೆ, ಜುಲೈ ತಿಂಗಳಲ್ಲಿ ರಿಟರ್ನ್ ತುಂಬಲು ಕೂತಾಗ ಎಚ್ಚರವಾಗುತ್ತೀರಿ. ಅಷ್ಟೊತ್ತಿಗೆ ಲೆಕ್ಕವನ್ನು ನಾನು ಬರೆಯಬಲ್ಲೆ, ತಿದ್ದಲಾರೆ. ಈ ತೆರಿಗೆ ಎಷ್ಟಾಗುತ್ತದೆ ಎನ್ನುವುದು ಮಾರಾಟದ ಕರಾರಿಗೆ ನೀವು ಸಹಿ ಹಾಕುವ ದಿನವೇ ನಿರ್ಧಾರವಾಗಿರುತ್ತದೆ. ಅದಕ್ಕೇ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಸೇರಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮನೆಯ ಹಿರಿಯರು ಹೇಳುವ ಒಂದು ಮಾತನ್ನು ಬದಿಗಿಡಬೇಕು. "ಹೊಲ ಮಾರಿದಾಗ ನಮಗೆ ತೆರಿಗೆ ಬಿದ್ದಿಲ್ಲ, ನಿನಗ್ಯಾಕೆ ಬೀಳುತ್ತದೆ" ಎಂದು ಅವರು ಕೇಳುತ್ತಾರೆ. ಅವರ ಅನುಭವ ಸುಳ್ಳಲ್ಲ. ಊರ ಎಲ್ಲೆಯಾಚೆ, ಪೇಟೆಯಿಂದ ಕಾನೂನು ಹೇಳಿದಷ್ಟು ದೂರದಲ್ಲಿರುವ ಸಾಗುವಳಿ ಭೂಮಿಯನ್ನು ಆದಾಯ ತೆರಿಗೆ ಕಾಯ್ದೆ ಬಂಡವಾಳ ಆಸ್ತಿ ಎಂದೇ ಎಣಿಸುವುದಿಲ್ಲ. ಹಾಗಾಗಿ ಅದರ ಲಾಭಕ್ಕೆ ತೆರಿಗೆ ಇಲ್ಲ. ಷೇರಿಗೆ ಆ ರಿಯಾಯಿತಿ ಇಲ್ಲ. ನೀವು ಹುಟ್ಟಿದ್ದು ಕೊಳಗಲ್ಲಿನಲ್ಲಿ, ಹಣ ಬಂದದ್ದು ಊರಿನ ಬ್ಯಾಂಕ್ ಖಾತೆಗೆ ಎಂಬುದರಿಂದ ಏನೂ ಬದಲಾಗುವುದಿಲ್ಲ.

ಇನ್ನೊಂದು ಗೊಂದಲ ಟೀವಿ, ಮೊಬೈಲ್ ನೋಡಿ ಬಂದದ್ದು. "ಷೇರು ಒಂದು ವರ್ಷ ಇಟ್ಟುಕೊಂಡರೆ ದೀರ್ಘಾವಧಿ, 1.25 ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ಎಲ್ಲರೂ ಕೇಳಿದ್ದೀರಿ. ಅದು ಷೇರುಪೇಟೆಯಲ್ಲಿ ನೋಂದಾಯಿತವಾಗಿ, ಅಲ್ಲೇ ಮಾರಾಟವಾಗಿ, ಸೆಕ್ಯೂರಿಟೀಸ್ ವಹಿವಾಟು ತೆರಿಗೆ ಕಟ್ಟಿದ ಷೇರಿನ ಮಾತು. ನಿಮ್ಮ ಕಂಪನಿ ಇನ್ನೂ ಷೇರುಪೇಟೆಗೆ ಬಂದಿಲ್ಲ. ಅದರ ಷೇರಿಗೆ ದೀರ್ಘಾವಧಿ ಎಂದರೆ 24 ತಿಂಗಳು ದಾಟಿರಬೇಕು, 1.25 ಲಕ್ಷದ ವಿನಾಯಿತಿಯೂ ಇಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ ಲೆಕ್ಕ ಶುರು. 2024ರ ಜುಲೈ 23ರಿಂದ ಈಚೆಗೆ ಮಾರಿದ ಷೇರಿನ ದೀರ್ಘಾವಧಿ ಲಾಭಕ್ಕೆ 12.5 ಶೇಕಡ, ಅದರ ಮೇಲೆ 4 ಶೇಕಡ ಸೆಸ್. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಕೂಡಿ ಸ್ಲ್ಯಾಬ್ ದರಕ್ಕೆ ಹೋಗುತ್ತದೆ. ಸ್ಟಾರ್ಟಪ್ ಸಂಬಳದಲ್ಲಿ ಇರುವ ನಿಮ್ಮಲ್ಲಿ ಬಹಳ ಮಂದಿಗೆ ಅದು 30 ಶೇಕಡ. 12.5 ಮತ್ತು 30ರ ನಡುವಿನ ಈ ಅಂತರಕ್ಕಾಗಿಯೇ ದಿನಾಂಕದ ಬಗ್ಗೆ ಇಷ್ಟು ಒತ್ತಿ ಹೇಳುತ್ತೇನೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಕಾನೂನು. ಅದರಲ್ಲಿ ಕಲಮುಗಳ ಸಂಖ್ಯೆಗಳೆಲ್ಲ ಬೇರೆ. ಆದ್ದರಿಂದ ಕಲಮುಗಳ ಸಂಖ್ಯೆ ಹೇಳಿ ನಿಮ್ಮ ತಲೆ ಕೆಡಿಸುವುದಿಲ್ಲ. ಲೆಕ್ಕ ಹಾಕುವ ರೀತಿಯನ್ನೇ ಹೇಳುತ್ತೇನೆ.

ಲೆಕ್ಕಕ್ಕೆ ಬೇಕಾದದ್ದು ಮೂರು: ಎಷ್ಟಕ್ಕೆ ಮಾರಿದಿರಿ, ಕಾನೂನಿನ ಕಣ್ಣಿನಲ್ಲಿ ಎಷ್ಟಕ್ಕೆ ಕೊಂಡಿರಿ, ಎಂದಿನಿಂದ ನಿಮ್ಮದಾಗಿತ್ತು. ಮೊದಲನೆಯದು ಎಲ್ಲರಿಗೂ ಗೊತ್ತಿರುತ್ತದೆ. ತಪ್ಪುವುದು ಉಳಿದ ಎರಡರಲ್ಲಿ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕೊಳಗಲ್ಲಿನ ಒಬ್ಬ ಹುಡುಗಿ ಬೆಂಗಳೂರಿನ ಸ್ಟಾರ್ಟಪ್ ಒಂದರಲ್ಲಿ ಎಂಜಿನಿಯರ್. 2019ರಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ತಲಾ 10 ರೂಪಾಯಿ ಬೆಲೆಗೆ ಷೇರು ಕೊಳ್ಳುವ ಆಯ್ಕೆಯ ಹಕ್ಕನ್ನು ಪತ್ರದಲ್ಲಿ ಕೊಟ್ಟರು. ವರ್ಷ ಕಳೆದಂತೆ ಆ ಹಕ್ಕು ಸ್ವಲ್ಪಸ್ವಲ್ಪವಾಗಿ ಬಲಿಯಿತು. ಇದನ್ನೇ ನೀವು ವೆಸ್ಟಿಂಗ್ ಎನ್ನುತ್ತೀರಿ. 2022ರ ಡಿಸೆಂಬರ್ 20ರಂದು ಅವಳು 600 ಷೇರುಗಳಿಗೆ ಅರ್ಜಿ ಹಾಕಿ 6,000 ರೂಪಾಯಿ ಕಟ್ಟಿದಳು. ಕಂಪನಿಯ ಮಂಡಳಿ ಸಭೆ ಸೇರಿ ಷೇರು ಹಂಚಿದ್ದು 2023ರ ಜನವರಿ 16ರಂದು. ಮುಂದೆ ಇನ್ನೂ 400 ಷೇರು ತೆಗೆದುಕೊಂಡಳು; ಅವು ಹಂಚಿಕೆಯಾದದ್ದು 2023ರ ನವೆಂಬರ್ 5ರಂದು.

ಈಗ ಕೊಂಡ ಬೆಲೆ. "ನಾನು ಕೊಟ್ಟದ್ದು 10 ರೂಪಾಯಿ, ಅದೇ ನನ್ನ ಬೆಲೆ" ಎನ್ನುವುದು ಸಹಜ, ಆದರೆ ಅದು ತಪ್ಪು, ಮತ್ತು ನಿಮಗೇ ನಷ್ಟ ತರುವ ತಪ್ಪು. ನೀವು ಷೇರು ತೆಗೆದುಕೊಂಡ ಹೊತ್ತಿನಲ್ಲೇ ಸರ್ಕಾರ ಒಂದು ಸುತ್ತು ತೆರಿಗೆ ತೆಗೆದುಕೊಂಡಿರುತ್ತದೆ. ಆ ದಿನ ಷೇರಿನ ನ್ಯಾಯಬೆಲೆ ಎಷ್ಟೋ ಅದರಲ್ಲಿ ನೀವು ಕೊಟ್ಟದ್ದನ್ನು ಕಳೆದು, ಉಳಿದದ್ದನ್ನು ಸಂಬಳದ ಭಾಗವೆಂದು ಎಣಿಸಿ ಕಂಪನಿ ಟಿಡಿಎಸ್ ಮುರಿದಿರುತ್ತದೆ. ಷೇರುಪೇಟೆಯಲ್ಲಿಲ್ಲದ ಕಂಪನಿಗೆ ಈ ನ್ಯಾಯಬೆಲೆಯನ್ನು ಕಟ್ಟುವವನು ಸೆಬಿಯಲ್ಲಿ ನೋಂದಾಯಿತ ಮರ್ಚೆಂಟ್ ಬ್ಯಾಂಕರ್. ಅವನ ಮೌಲ್ಯಮಾಪನ ನೀವು ಆಯ್ಕೆ ಚಲಾಯಿಸಿದ ದಿನದ್ದಾಗಿರಬೇಕು, ಇಲ್ಲವೇ ಅದಕ್ಕೆ ಹಿಂದಿನ 180 ದಿನಗಳೊಳಗಿನದು. ನಮ್ಮ ಹುಡುಗಿಯ ಮೊದಲ ಕಂತಿಗೆ ಅವನು 410 ರೂಪಾಯಿ ಕಟ್ಟಿದ ಎನ್ನೋಣ. ಅಂದರೆ ಷೇರಿಗೆ 400ರಂತೆ 600 ಷೇರಿಗೆ 2,40,000 ರೂಪಾಯಿ ಅವಳ ಸಂಬಳಕ್ಕೆ ಸೇರಿತು, ಅದಕ್ಕೆ ತೆರಿಗೆಯೂ ಕಟ್ಟಿಯಾಯಿತು. ಒಮ್ಮೆ ತೆರಿಗೆ ಕಟ್ಟಿದ ಮೊತ್ತಕ್ಕೆ ಮತ್ತೆ ಕಟ್ಟಬಾರದೆಂದೇ ಕಾನೂನು ಇಲ್ಲಿ ಸ್ಪಷ್ಟವಾಗಿ ಹೇಳುತ್ತದೆ: ಸಂಬಳದ ಲೆಕ್ಕಕ್ಕೆ ಯಾವ ನ್ಯಾಯಬೆಲೆ ಹಿಡಿದರೋ ಅದೇ ಮುಂದೆ ಕೊಂಡ ಬೆಲೆ. ಅವಳ ಮೊದಲ 600 ಷೇರುಗಳ ಬೆಲೆ 410 ರೂಪಾಯಿ. ಎರಡನೇ ಕಂತಿನ ನ್ಯಾಯಬೆಲೆ 560 ಎಂದಾದರೆ ಆ 400 ಷೇರುಗಳಿಗೆ 560.

ಆ ಮೌಲ್ಯಮಾಪನ ಪತ್ರವನ್ನು ಕಂಪನಿಗಳು ನೌಕರರ ಕೈಗೆ ಕೊಡುವುದು ಅಪರೂಪ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ. ನೌಕರನ ತೆರಿಗೆಯನ್ನು ತೀರ್ಮಾನಿಸುವ ಒಂದು ಅಂಕಿ ನೌಕರನಿಗೇ ಕಾಣದಂತಿರುವುದು ಸರಿಯಲ್ಲ. ಆದರೂ ದಾರಿ ಇದೆ. ಫಾರ್ಮ್ 16ರ ಜೊತೆ ಫಾರ್ಮ್ 12ಬಿಎ ಎಂಬ ಪಟ್ಟಿ ಬರುತ್ತದೆ. ಸಂಬಳದಾಚೆಗಿನ ಸವಲತ್ತುಗಳ ಮೊತ್ತ ಅದರಲ್ಲಿರುತ್ತದೆ. ಷೇರು ಆಯ್ಕೆಯ ಸಾಲಿನಲ್ಲಿರುವ 2,40,000ಕ್ಕೆ ನೀವು ಕಟ್ಟಿದ 6,000 ಕೂಡಿಸಿ, 600ರಿಂದ ಭಾಗಿಸಿ. 410 ಬರುತ್ತದೆ. ಒಂದೇ ವರ್ಷದಲ್ಲಿ ಎರಡು ಸಲ ಷೇರು ತೆಗೆದುಕೊಂಡಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಆಗ ಕಂಪನಿಯನ್ನೇ ಕೇಳಬೇಕು.

ಮೂರನೆಯದು, ಎಂದಿನಿಂದ ನಿಮ್ಮದು. ನಿಮ್ಮ ಬಳಿ ನಾಲ್ಕು ದಿನಾಂಕಗಳಿರುತ್ತವೆ: ಹಕ್ಕು ಕೊಟ್ಟ ದಿನ, ಅದು ಬಲಿತ ದಿನ, ನೀವು ಅರ್ಜಿ ಹಾಕಿ ಹಣ ಕಟ್ಟಿದ ದಿನ, ಷೇರು ಹಂಚಿಕೆಯಾದ ದಿನ. 24 ತಿಂಗಳ ಎಣಿಕೆ ಶುರುವಾಗುವುದು ಕೊನೆಯದರಿಂದ. ಐದು ವರ್ಷ ಕಂಪನಿಯಲ್ಲಿ ಇದ್ದೆ, ಹಾಗಾಗಿ ನನ್ನದು ದೀರ್ಘಾವಧಿ ಎಂದು ನಂಬಿದವರಿದ್ದಾರೆ. ನೌಕರಿಯ ವಯಸ್ಸಿಗೂ ಷೇರಿನ ವಯಸ್ಸಿಗೂ ಸಂಬಂಧವಿಲ್ಲ. ಅರ್ಜಿ ಹಾಕಿದ ದಿನಕ್ಕೂ ಹಂಚಿಕೆಯ ದಿನಕ್ಕೂ ನಡುವೆ ಕೆಲವು ವಾರಗಳ ಅಂತರ ಬೀಳುವುದು ಸಾಮಾನ್ಯ. ಮಂಡಳಿ ಸಭೆ ಸೇರುವುದು ಅವರಿಗೆ ಅನುಕೂಲವಾದಾಗ. ಹಂಚಿಕೆಯ ದಿನಾಂಕ ಕಂಪನಿಯ ಹಂಚಿಕೆ ಪತ್ರದಲ್ಲಿ, ಷೇರು ಪ್ರಮಾಣಪತ್ರದಲ್ಲಿ ಇರುತ್ತದೆ. ಡಿಮ್ಯಾಟ್ ಖಾತೆಗೆ ಷೇರು ಬಂದು ಬಿದ್ದ ದಿನ ಅದಕ್ಕಿಂತ ತಡವಾಗಿರಬಹುದು. ಅದನ್ನು ಹಂಚಿಕೆಯ ದಿನವೆಂದು ತಿಳಿಯಬೇಡಿ.

ನಮ್ಮ ಹುಡುಗಿಯ ಮಾರಾಟಕ್ಕೆ ಬರೋಣ. ಹೊಸ ಹೂಡಿಕೆದಾರರೊಬ್ಬರು ಷೇರಿಗೆ 1,500 ರೂಪಾಯಿ ಕೊಡಲು ಮುಂದೆ ಬಂದರು. ಅವಳು 2025ರ ಜನವರಿ 20ರಂದು 700 ಷೇರು ಮಾರಿದಳು. ಯಾವ 700? ಎಲ್ಲ ಷೇರುಗಳೂ ಒಂದೇ ಡಿಮ್ಯಾಟ್ ಖಾತೆಯಲ್ಲಿದ್ದರೆ ಮೊದಲು ಬಂದದ್ದು ಮೊದಲು ಹೋಯಿತು ಎಂದೇ ಎಣಿಸಬೇಕು. ನಿಮಗೆ ಬೇಕಾದ ಕಂತನ್ನು ಆರಿಸಿಕೊಳ್ಳುವಂತಿಲ್ಲ. ಆದ್ದರಿಂದ ಮೊದಲ ಕಂತಿನ 600 ಪೂರ್ತಿ, ಎರಡನೆಯದರಿಂದ 100.

ಮೊದಲ 600 ಷೇರುಗಳು ಹಂಚಿಕೆಯಾಗಿ 24 ತಿಂಗಳು ದಾಟಿ ನಾಲ್ಕೈದು ದಿನ ಆಗಿತ್ತು. ದೀರ್ಘಾವಧಿ. ಷೇರಿಗೆ 1,090ರಂತೆ ಲಾಭ 6,54,000. ಅದರ 12.5 ಶೇಕಡ 81,750, ಸೆಸ್ 3,270, ಒಟ್ಟು 85,020 ರೂಪಾಯಿ. ಉಳಿದ 100 ಷೇರು ಅಲ್ಪಾವಧಿ. ಷೇರಿಗೆ 940ರಂತೆ ಲಾಭ 94,000. ಅವಳು 30 ಶೇಕಡ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 29,328. ಎರಡೂ ಕೂಡಿ 1,14,348 ರೂಪಾಯಿ. ಲೆಕ್ಕ ತಿಳಿಯಾಗಿರಲೆಂದು ಮಾರಾಟದ ಖರ್ಚನ್ನು ಬಿಟ್ಟಿದ್ದೇನೆ. ಮಾರಾಟಕ್ಕೆಂದೇ ಕೊಟ್ಟ ದಲ್ಲಾಳಿ ಕಮಿಷನ್, ವರ್ಗಾವಣೆಯ ಮುದ್ರಾಂಕ ಶುಲ್ಕ, ಕರಾರು ಬರೆಸಿದ ವಕೀಲರ ಶುಲ್ಕ ಇವನ್ನು ಲಾಭದಿಂದ ಕಳೆಯಬಹುದು, ರಸೀದಿ ಇರಬೇಕು.

ಇದೇ ಹುಡುಗಿ ಬೆಲೆಯನ್ನು 10 ರೂಪಾಯಿ ಎಂದು ಬರೆದಿದ್ದರೆ ಎರಡೂ ಕಂತಿನಿಂದ ಸೇರಿ 48,360 ರೂಪಾಯಿ ಹೆಚ್ಚಿಗೆ ಕಟ್ಟುತ್ತಿದ್ದಳು. ನಿಮ್ಮ ರಿಟರ್ನ್ ತುಂಬುವವರಿಗೆ ಫಾರ್ಮ್ 12ಬಿಎ ತೋರಿಸದಿದ್ದರೆ ಆಗುವುದು ಇದೇ. ಇಲಾಖೆಯಿಂದ ನೋಟಿಸ್ ಬರುವ ತಪ್ಪಲ್ಲ ಇದು, ಆದ್ದರಿಂದ ಯಾರೂ ಎಚ್ಚರಿಸುವುದೂ ಇಲ್ಲ.

ದಿನಾಂಕದ ತಪ್ಪು ಇದಕ್ಕಿಂತ ದುಬಾರಿ. ಡಿಸೆಂಬರ್ 20ರಂದು ಹಣ ಕಟ್ಟಿದ್ದೇನೆ, ಎರಡು ವರ್ಷ ಆಯಿತು ಎಂದು ನಂಬಿ ಅವಳು ಜನವರಿ 10ರಂದೇ ಮಾರಿದ್ದರೆ 600 ಷೇರೂ ಅಲ್ಪಾವಧಿಗೆ ಬೀಳುತ್ತಿದ್ದವು. ಅದೇ 6,54,000 ಲಾಭಕ್ಕೆ 30 ಶೇಕಡದಂತೆ ಸೆಸ್ ಸೇರಿ 2,04,048 ರೂಪಾಯಿ. ಹತ್ತು ದಿನದ ಅವಸರಕ್ಕೆ 1,19,028 ರೂಪಾಯಿ. ಹೂಡಿಕೆದಾರರು ದಿನಾಂಕ ಗೊತ್ತುಮಾಡಿ ಪಟ್ಟಿ ಕಳಿಸಿದಾಗ ಹತ್ತು ದಿನ ಮುಂದೂಡಿ ಎಂದು ಕೇಳಲು ನೀವು ಸಂಕೋಚಪಡುತ್ತೀರಿ. ಕೇಳಿ. ಒಪ್ಪದಿದ್ದರೆ 24 ತಿಂಗಳು ದಾಟಿದ ಕಂತಿನ ಷೇರನ್ನಷ್ಟೇ ಮಾರಿ, ಉಳಿದದ್ದನ್ನು ಇಟ್ಟುಕೊಳ್ಳಿ.

ಮಾರಾಟದ ದಿನ ಯಾವುದು ಎನ್ನುವುದರಲ್ಲೂ ಒಂದು ಸೂಕ್ಷ್ಮವಿದೆ. ಇಂಥ ಮಾರಾಟದಲ್ಲಿ ಮೊದಲು ಕರಾರಿಗೆ ಸಹಿ ಬೀಳುತ್ತದೆ. ಷರತ್ತುಗಳೆಲ್ಲ ಪೂರೈಸಿ, ಷೇರು ಖರೀದಿದಾರರ ಡಿಮ್ಯಾಟ್‌ಗೆ ಹೋಗಿ, ಹಣ ಬರುವುದು ವಾರಗಳ ಮೇಲೆ. ಷೇರುಪೇಟೆಯ ಹೊರಗೆ ಇಬ್ಬರ ನಡುವೆ ನೇರ ನಡೆದ ವ್ಯವಹಾರದಲ್ಲಿ, ಮುಂದೆ ಷೇರು ನಿಜವಾಗಿ ಹಸ್ತಾಂತರವಾದರೆ, ಕರಾರಿನ ದಿನವನ್ನೇ ವರ್ಗಾವಣೆಯ ದಿನವೆಂದು ಹಿಡಿಯಬಹುದು ಎಂದು ನೇರ ತೆರಿಗೆ ಮಂಡಳಿ 1995ರ 704ನೇ ಸುತ್ತೋಲೆಯಲ್ಲಿ ಹೇಳಿತ್ತು. ಆದ್ದರಿಂದ ಹಣ ಬರುವ ದಿನಕ್ಕೆ 24 ತಿಂಗಳು ತುಂಬುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕರಾರಿನ ದಿನಕ್ಕೂ ತುಂಬಿರಲಿ, ಹಸ್ತಾಂತರದ ದಿನಕ್ಕೂ ತುಂಬಿರಲಿ. ಆಗ ವಾದಕ್ಕೆ ಎಡೆಯೇ ಇಲ್ಲ.

ಹಣದುಬ್ಬರದ ಸೂಚ್ಯಂಕ ತೆಗೆದುಹಾಕಿದ್ದು ಅನ್ಯಾಯ ಎಂದು ನಿಮ್ಮಲ್ಲಿ ಕೆಲವರು ನನ್ನ ಬಳಿ ವಾದಿಸಿದ್ದೀರಿ. ಹಳೆಯ ಮನೆ, ಸೈಟು ಇಟ್ಟುಕೊಂಡವರ ವಿಷಯದಲ್ಲಿ ಆ ಮಾತಿಗೆ ತೂಕವಿತ್ತು. ನಿಮ್ಮ ವಿಷಯದಲ್ಲಿ ಇಲ್ಲ. 2024ರ ಜುಲೈ 22ರವರೆಗಿನ ಹಳೆಯ ಪದ್ಧತಿಯಂತೆ 410 ರೂಪಾಯಿ ಬೆಲೆಯನ್ನು 2022-23ರ 331 ಮತ್ತು 2024-25ರ 363 ಎಂಬ ಸೂಚ್ಯಂಕಗಳಿಂದ ಏರಿಸಿದರೆ ಸುಮಾರು 450 ಆಗುತ್ತಿತ್ತು, ಉಳಿದ ಲಾಭಕ್ಕೆ 20 ಶೇಕಡ. ಷೇರಿಗೆ 210 ರೂಪಾಯಿ ತೆರಿಗೆ. ಹೊಸ ಪದ್ಧತಿಯಲ್ಲಿ ಅದು 136 ರೂಪಾಯಿ ಚಿಲ್ಲರೆ. ಬೇಗ ಬೆಲೆ ಏರಿದ ಷೇರಿಗೆ ಹೊಸ ದರವೇ ಹಗುರ.

ಇನ್ನು ಬೋನಸ್ ಷೇರು. ಸ್ಟಾರ್ಟಪ್‌ಗಳು ಷೇರಿನ ಬೆಲೆ ತೀರ ಏರಿದಾಗ ಒಂದಕ್ಕೆ ಒಂಬತ್ತರಂತೆ, ಕೆಲವೊಮ್ಮೆ ಇನ್ನೂ ಹೆಚ್ಚಿನಂತೆ ಬೋನಸ್ ಕೊಡುತ್ತವೆ. ಮನೆಯಲ್ಲಿ ಹಬ್ಬ ಮಾಡುತ್ತೀರಿ. ಕಾನೂನಿನ ಪ್ರಕಾರ ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ, ಅದರ 24 ತಿಂಗಳು ಬೋನಸ್ ಹಂಚಿದ ದಿನದಿಂದ ಹೊಸದಾಗಿ ಶುರು. ನಮ್ಮ ಹುಡುಗಿಯ ಬಳಿ ಉಳಿದ 300 ಷೇರುಗಳಿಗೆ 2,700 ಬೋನಸ್ ಬಂದು, ಬೆಲೆ 1,500ರಿಂದ 150ಕ್ಕೆ ಇಳಿಯಿತು ಎನ್ನೋಣ. ಹಳೆಯ 300ಕ್ಕೆ 24 ತಿಂಗಳು ತುಂಬಿದ ಕೂಡಲೇ ಅವಳು ಮೂರು ಸಾವಿರವನ್ನೂ ಮಾರಿದಳು. ಕೈಗೆ ಬಂದದ್ದು 4,50,000. ಅವಳ ಕಣ್ಣಿಗೆ ಲಾಭ 2,82,000. ಕಾನೂನು ಅದನ್ನು ಎರಡಾಗಿ ಒಡೆಯುತ್ತದೆ. ಹಳೆಯ 300 ಷೇರು 560ಕ್ಕೆ ಕೊಂಡು 150ಕ್ಕೆ ಮಾರಿದ್ದು, ಅಂದರೆ 1,23,000 ದೀರ್ಘಾವಧಿ ನಷ್ಟ. ಬೋನಸ್ 2,700 ಷೇರು ಸೊನ್ನೆಗೆ ಬಂದು 150ಕ್ಕೆ ಹೋದದ್ದು, ಅಂದರೆ 4,05,000 ಅಲ್ಪಾವಧಿ ಲಾಭ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರಿಗೆ ಮಾತ್ರ ಕಳೆಯಬಹುದು. ಹೀಗಾಗಿ 4,05,000ಕ್ಕೂ ಸ್ಲ್ಯಾಬ್ ದರ, ನಷ್ಟ ಮಾತ್ರ ಎಂಟು ವರ್ಷ ಪುಸ್ತಕದಲ್ಲಿ ಮುಂದೆ ಹೋಗುತ್ತದೆ, ಅದೂ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ. ಬೋನಸ್ಸಿಗೂ 24 ತಿಂಗಳು ತುಂಬುವವರೆಗೆ ಕಾದಿದ್ದರೆ ಎರಡೂ ದೀರ್ಘಾವಧಿಯಾಗಿ 2,82,000ಕ್ಕೆ ಮಾತ್ರ 12.5 ಶೇಕಡ ಬೀಳುತ್ತಿತ್ತು. ಷೇರನ್ನು ಮುಖಬೆಲೆ ಒಡೆದು ಭಾಗ ಮಾಡಿದ್ದರೆ ಈ ಕಷ್ಟವಿಲ್ಲ. ಆಗ ಹಳೆಯ ಬೆಲೆ ಹಂಚಿಹೋಗುತ್ತದೆ, ಹಳೆಯ ದಿನಾಂಕ ಉಳಿಯುತ್ತದೆ. ನಿಮ್ಮ ಕಂಪನಿ ಮಾಡಿದ್ದು ಬೋನಸ್ಸೋ ವಿಭಜನೆಯೋ ಎಂದು ಆ ದಿನದ ಪತ್ರ ತೆಗೆದು ಓದಿ.

ಕೊಳ್ಳುವವರು ಯಾರು ಎಂಬುದೂ ಮುಖ್ಯ. ಹೊಸ ಹೂಡಿಕೆದಾರರು ಕೊಂಡರೆ ಮೇಲಿನ ಲೆಕ್ಕ. ಕಂಪನಿಯೇ ತನ್ನ ಷೇರು ಮರಳಿ ಕೊಂಡರೆ, ಅಂದರೆ ಬೈಬ್ಯಾಕ್ ಆದರೆ, ದಿನಾಂಕ ನೋಡಬೇಕು. 2024ರ ಅಕ್ಟೋಬರ್ 1ರಿಂದ ಬಂದ ನಿಯಮದಂತೆ ಬೈಬ್ಯಾಕಿನಲ್ಲಿ ಸಿಕ್ಕ ಪೂರ್ತಿ ಹಣವೇ ಲಾಭಾಂಶ, ಅದಕ್ಕೆ ಸ್ಲ್ಯಾಬ್ ದರ. ಕೊಂಡ ಬೆಲೆ ಬಂಡವಾಳ ನಷ್ಟವಾಗಿ ಬೇರೆ ಉಳಿಯುತ್ತದೆ. 600 ಷೇರು 1,500ರಂತೆ ಆ ನಿಯಮದಡಿ ಬೈಬ್ಯಾಕ್‌ಗೆ ಹೋಗಿದ್ದರೆ 6,54,000ಕ್ಕಲ್ಲ, ಪೂರ್ತಿ 9,00,000ಕ್ಕೆ ತೆರಿಗೆ. 2026ರ ಬಜೆಟ್ ಇದನ್ನು ಮತ್ತೆ ಬಂಡವಾಳ ಲಾಭದ ದಾರಿಗೇ ತರುವ ಪ್ರಸ್ತಾವ ಇಟ್ಟಿತು. ಆದ್ದರಿಂದ ಪತ್ರದಲ್ಲಿ ಬೈಬ್ಯಾಕ್ ಎಂಬ ಪದ ಕಂಡರೆ ಅದು ಯಾವ ದಿನ ನಡೆಯಿತು, ಆ ದಿನದ ನಿಯಮವೇನು ಎಂದು ಮೊದಲು ಕೇಳಿ.

ಇನ್ನು ಗೆಳೆಯನಿಗೆ, ಚಿಕ್ಕಪ್ಪನ ಮಗನಿಗೆ ಸಲುಗೆಯಿಂದ ಕಡಿಮೆ ಬೆಲೆಗೆ ಷೇರು ಬರೆದುಕೊಡುವ ಯೋಚನೆ ಇದ್ದರೆ ಬಿಡಿ. ಪಟ್ಟಿಯಾಗದ ಷೇರಿಗೆ ಕಾನೂನು ಒಂದು ಕನಿಷ್ಠ ಬೆಲೆಯ ಲೆಕ್ಕ ಇಟ್ಟಿದೆ. ಅದಕ್ಕಿಂತ ಕಡಿಮೆಗೆ ಮಾರಿದರೂ ಆ ಬೆಲೆಗೇ ಮಾರಿದಿರಿ ಎಂದು ನಿಮಗೆ ತೆರಿಗೆ ಬೀಳುತ್ತದೆ, ಅಂತರ 50,000 ದಾಟಿದರೆ ಕೊಂಡವನ ಆದಾಯಕ್ಕೂ ಸೇರುತ್ತದೆ.

ಷೇರು ಬೆಂಗಳೂರಿನ ಕಂಪನಿಯದೇ ಎಂದು ಎಲ್ಲರೂ ಅಂದುಕೊಳ್ಳುತ್ತೀರಿ. ಫ್ಲಿಪ್‌ಕಾರ್ಟ್ ನೆನಪಿಸಿಕೊಳ್ಳಿ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, ಕೆಲಸವೆಲ್ಲ ಇಲ್ಲೇ. ಆದರೆ ಮಾತೃಸಂಸ್ಥೆ ಸಿಂಗಪುರದ್ದಾಗಿತ್ತು, ನೌಕರರಿಗೆ ಕೊಟ್ಟ ಆಯ್ಕೆಗಳೂ ಆ ಸಿಂಗಪುರದ ಕಂಪನಿಯ ಷೇರಿನವಾಗಿದ್ದವು. 2018ರಲ್ಲಿ ವಾಲ್ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು 77 ಶೇಕಡ ಪಾಲು ಕೊಂಡಾಗ ಕೈಬದಲಾದದ್ದೂ ಆ ಷೇರುಗಳೇ. ಆದರೂ ಆಸ್ತಿಯ ಬೆಲೆ ಇರುವುದು ಭಾರತದಲ್ಲಿ ಎಂಬ ಕಾರಣಕ್ಕೆ ಮಾರಿದವರ ಪಾಲಿನಿಂದ ಮುರಿದುಕೊಂಡ 7,439 ಕೋಟಿ ರೂಪಾಯಿ ತೆರಿಗೆಯನ್ನು ವಾಲ್ಮಾರ್ಟ್ ಇಲ್ಲಿ ಕಟ್ಟಿತು. ನಿಮ್ಮ ಕಂಪನಿಯ ರಚನೆಯೂ ಹೀಗೆ ಇರಬಹುದು. ವಿದೇಶಿ ಷೇರಿಗೂ 24 ತಿಂಗಳು, 12.5 ಶೇಕಡ ಎಂಬುದರಲ್ಲಿ ವ್ಯತ್ಯಾಸವಿಲ್ಲ. ಅಮೆರಿಕದ ಷೇರುಪೇಟೆಯಲ್ಲಿ ಪಟ್ಟಿಯಾಗಿದ್ದರೂ ನಮ್ಮ ಕಾನೂನಿಗೆ ಅದು ಪಟ್ಟಿಯಾಗದ ಷೇರೇ. ಆದರೆ ಮಾರದೆ ಸುಮ್ಮನೆ ಇಟ್ಟುಕೊಂಡರೂ ರಿಟರ್ನಿನ ಷೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಲೇಬೇಕು. ತೋರಿಸದೆ ಬಿಟ್ಟರೆ ಕಪ್ಪುಹಣ ಕಾಯ್ದೆಯ ದಂಡ 10 ಲಕ್ಷದವರೆಗೆ ಹೋಗುತ್ತದೆ.

ಹಣ ಬಂದ ಮೇಲೆ ನಮ್ಮ ಕಡೆಯವರು ಮಾಡುವ ಮೊದಲ ಕೆಲಸ ಊರಲ್ಲಿ ಮನೆ. ಇದಕ್ಕೆ ಕಾನೂನಿನಲ್ಲಿ ನಿಜವಾದ ನೆರವಿದೆ, ದೀರ್ಘಾವಧಿ ಲಾಭಕ್ಕೆ ಮಾತ್ರ. ಷೇರು ಮಾರಿ ಬಂದ ಪೂರ್ತಿ ಹಣವನ್ನು, ಲಾಭವನ್ನಷ್ಟೇ ಅಲ್ಲ, ಒಂದು ವಾಸದ ಮನೆಗೆ ಹಾಕಿದರೆ ಲಾಭಕ್ಕೆ ತೆರಿಗೆ ಇಲ್ಲ. ಭಾಗ ಹಾಕಿದರೆ ಅದೇ ಪ್ರಮಾಣದಲ್ಲಿ ವಿನಾಯಿತಿ. ನಮ್ಮ ಹುಡುಗಿಗೆ 600 ಷೇರಿನಿಂದ ಬಂದದ್ದು 9,00,000. ಅದರಲ್ಲಿ 6,00,000 ಮನೆಗೆ ಹಾಕಿದರೆ 6,54,000ದ ಮೂರರಲ್ಲಿ ಎರಡು ಭಾಗ, 4,36,000 ತೆರಿಗೆಯಿಂದ ಹೊರಗೆ. ಉಳಿದ 2,18,000ಕ್ಕೆ ತೆರಿಗೆ. ಕೊಳ್ಳುವುದಾದರೆ ಮಾರಾಟಕ್ಕೆ ಒಂದು ವರ್ಷ ಹಿಂದೆ ಅಥವಾ ಎರಡು ವರ್ಷದೊಳಗೆ, ಕಟ್ಟುವುದಾದರೆ ಮೂರು ವರ್ಷದೊಳಗೆ. ರಿಟರ್ನಿನ ಗಡುವು ಬರುವಷ್ಟರಲ್ಲಿ ಖರ್ಚಾಗದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿಟ್ಟರೆ ಲೆಕ್ಕಕ್ಕಿಲ್ಲ. ಮಾರಿದ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಬೆಂಗಳೂರಿನಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟ್ ಒಂದು, ಅಪ್ಪನಿಂದ ಬಂದ ಮನೆ ಒಂದು ಎಂದಾದರೆ ಇಲ್ಲೇ ಬಾಗಿಲು ಮುಚ್ಚಿತು.

ಅಪ್ಪನ ಹೆಸರಿನಲ್ಲಿರುವ ಹಳೆಯ ಮನೆಗೆ ಮೇಲಂತಸ್ತು ಏರಿಸಿ ಈ ವಿನಾಯಿತಿ ಕೇಳಬೇಡಿ. ನಿವೇಶನವೂ ಮನೆಯೂ ನಿಮ್ಮ ಹೆಸರಿನಲ್ಲೇ ಇರಲಿ. ಕಾಲುವೆ ಕೆಳಗಿನ ಗದ್ದೆಯೋ ಮೆಣಸಿನಕಾಯಿ ಹೊಲವೋ ಕೊಂಡರೆ ವಿನಾಯಿತಿ ಸಿಗದು. ಹೊಲ ಕೊಳ್ಳುವುದು ಒಳ್ಳೆಯ ನಿರ್ಧಾರವೇ ಇರಬಹುದು, ತೆರಿಗೆ ಕಟ್ಟಿದ ಹಣದಲ್ಲಿ ಕೊಳ್ಳಿ.

ನಿಮ್ಮ ಷೇರಿನ ಬೆಲೆ ಏರದೆ ಬಿದ್ದುಹೋದರೆ ಏನು ಎಂಬುದನ್ನೂ ಹೇಳಬೇಕು. 410 ರೂಪಾಯಿ ನ್ಯಾಯಬೆಲೆಗೆ ಸಂಬಳದ ತೆರಿಗೆ ಕಟ್ಟಿ, ಮುಂದೆ 50 ರೂಪಾಯಿಗೆ ಮಾರಿದವರು ಇದ್ದಾರೆ. ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲ. ಷೇರಿಗೆ 360 ರೂಪಾಯಿಯ ಬಂಡವಾಳ ನಷ್ಟ ಸಿಗುತ್ತದೆ, ಅದನ್ನು ಸಂಬಳದ ಎದುರಿಗೆ ಕಳೆಯುವಂತಿಲ್ಲ. ಈ ನಿಯಮ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೈಗೆ ಹಣ ಬರುವ ಮೊದಲೇ ತೆರಿಗೆ ಕೇಳುವುದಕ್ಕೆ ಸರ್ಕಾರ ಕೊಟ್ಟ ಪರಿಹಾರ ಅರೆಬರೆಯದು: ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಅರ್ಹ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ ಆ ತೆರಿಗೆ ಕೆಲವು ವರ್ಷ ಮುಂದಕ್ಕೆ ಹೋಗುತ್ತದೆ. ಷೇರು ಮಾರಿದರೆ ಅಥವಾ ಕೆಲಸ ಬಿಟ್ಟರೆ ಅಲ್ಲಿಂದ 14 ದಿನದೊಳಗೆ ಕಟ್ಟಬೇಕು. ನೀವು ಅಂಥ ಕಂಪನಿಯಲ್ಲಿದ್ದರೆ ಮಾರಾಟದ ಹಣದಲ್ಲಿ ಹಳೆಯ ಸಂಬಳದ ತೆರಿಗೆ, ಹೊಸ ಲಾಭದ ತೆರಿಗೆ ಎರಡನ್ನೂ ಎತ್ತಿಟ್ಟ ಮೇಲೆಯೇ ಉಳಿದದ್ದು ನಿಮ್ಮದು.

ನಿವಾಸಿಯೊಬ್ಬರು ಷೇರು ಮಾರಿದಾಗ ಸಾಮಾನ್ಯವಾಗಿ ಟಿಡಿಎಸ್ ಮುರಿಯುವುದಿಲ್ಲ. ಪೂರ್ತಿ ಮೊತ್ತ ಖಾತೆಗೆ ಬಂದದ್ದು ನೋಡಿ ತೆರಿಗೆ ಮುಗಿಯಿತು ಎಂದುಕೊಳ್ಳಬೇಡಿ. ಜನವರಿಯಲ್ಲಿ ಮಾರಿದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿ, ಮಾರ್ಚ್ 15 ದಾಟಿ ಮಾರಿದರೆ 31ರೊಳಗೆ. ಇಲ್ಲದಿದ್ದರೆ ಬಡ್ಡಿ. ಪಟ್ಟಿಯಾಗದ ಷೇರು ವರ್ಷದಲ್ಲಿ ಒಂದು ದಿನ ಇದ್ದರೂ ಐಟಿಆರ್-1 ತುಂಬುವಂತಿಲ್ಲ, ಮಾರದಿದ್ದರೂ ಸರಿ. ಐಟಿಆರ್-2ರಲ್ಲಿ ಕಂಪನಿಯ ಹೆಸರು, ಪ್ಯಾನ್, ವರ್ಷದ ಆರಂಭದಲ್ಲಿ ಎಷ್ಟು ಷೇರು, ಕೊನೆಯಲ್ಲಿ ಎಷ್ಟು ಎಂದು ಬರೆಯಬೇಕು.

ಕೊನೆಯದಾಗಿ ಒಂದು ಕೋರಿಕೆ. ಇಂದೇ, ಕೆಲಸದಲ್ಲಿ ಇರುವಾಗಲೇ, ಕಂಪನಿಯ ಎಚ್‌ಆರ್ ವಿಭಾಗಕ್ಕೆ ಮೇಲ್ ಬರೆದು ಪ್ರತಿ ಕಂತಿನ ಹಂಚಿಕೆಯ ದಿನಾಂಕ ಮತ್ತು ಸಂಬಳದ ಲೆಕ್ಕಕ್ಕೆ ಹಿಡಿದ ನ್ಯಾಯಬೆಲೆಯನ್ನು ಬರಹದಲ್ಲಿ ಕೇಳಿ. ಬಂದ ಉತ್ತರವನ್ನೂ, ಹಂಚಿಕೆ ಪತ್ರವನ್ನೂ, ಫಾರ್ಮ್ 12ಬಿಎಯನ್ನೂ ನಿಮ್ಮ ಸ್ವಂತ ಮೇಲಿಗೆ ಕಳಿಸಿಕೊಳ್ಳಿ. ಕೆಲಸ ಬಿಟ್ಟ ಸಂಜೆಯೇ ಕಂಪನಿಯ ಮೇಲ್ ಖಾತೆ ಮುಚ್ಚುತ್ತದೆ, ಷೇರು ಮಾರುವ ಅವಕಾಶ ಬರುವುದು ಎಷ್ಟೋ ವರ್ಷಗಳ ಮೇಲೆ. ಆ ದಿನ ಕರಾರಿಗೆ ಸಹಿ ಹಾಕುವ ಮೊದಲು ಈ ಕಾಗದಗಳನ್ನು ನನಗಾಗಲಿ, ನೀವು ನಂಬುವ ಇನ್ನೊಬ್ಬ ಲೆಕ್ಕಿಗರಿಗಾಗಲಿ ತೋರಿಸಿ.

ಇಂತಿ ನಿಮ್ಮವ,
ಬಳ್ಳಾರಿಯ ಒಬ್ಬ ತೆರಿಗೆ ಲೆಕ್ಕಿಗ